ಒಂದು ಮೆಟ್ಟಿಲು ಕೆಳಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಹನಿ ನೀರಾವರಿ ಸಾಮಾನು ಮಾರುವ ಕಂಪನಿಯೊಂದರಲ್ಲಿ ಏಳು ವರ್ಷ ದುಡಿದೆ. ಕೊನೆಯ ಮೂರು ವರ್ಷ ನಾನು ಏರಿಯಾ ಮ್ಯಾನೇಜರ್. ಹಗಲು ಬೈಕಿನ ಮೇಲೆ ನಿಂಬೆ ತೋಟ, ಕಬ್ಬಿನ ಹೊಲ ಸುತ್ತುವುದು, ರಾತ್ರಿ ಕೂತು ಎಕ್ಸೆಲ್, ಎಸ್‌ಕ್ಯೂಎಲ್ ಕಲಿಯುವುದು. 2023ರ ಆಗಸ್ಟಿನಲ್ಲಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ ನನ್ನನ್ನು ಆಯ್ಕೆ ಮಾಡಿತು. ರೈತರ ಸಾಲದ ಅಂಕಿಅಂಶ ನೋಡುವ ಕೆಲಸ. ರಿಕ್ರೂಟರ್ ಫೋನಿನಲ್ಲಿ ಹೇಳಿದರು: “ನಿಮ್ಮ ಅನುಭವ ಚೆನ್ನಾಗಿದೆ, ಆದರೆ ಈ ಡೊಮೇನ್ ನಿಮಗೆ ಹೊಸದು. ಅಸೋಸಿಯೇಟ್ ಅನಲಿಸ್ಟ್ ಅಂತ ಸೇರಿಕೊಳ್ಳಿ. ಗ್ರೋತ್ ತಾನಾಗಿಯೇ ಆಗುತ್ತೆ.” ಸಂಬಳ ಇದ್ದದ್ದಕ್ಕಿಂತ ತುಸು ಹೆಚ್ಚು.

ಅಪ್ಪನಿಗೆ ಹೇಳಿದರೆ ಅವರು ಕೇಳಿದ್ದು ಒಂದೇ ಮಾತು: “ಮ್ಯಾನೇಜರ್ ಇದ್ದಾಂವ ಮತ್ತ ಕಾರಕೂನ ಆಗ್ತಿಯೇನೋ ತಮ್ಮಾ?”

ಅವರ ಕಳವಳ ಸುಳ್ಳಲ್ಲ. ನಮ್ಮ ಕಡೆ ಹುದ್ದೆಯ ಹೆಸರು ಮದುವೆಯ ಮಾತುಕತೆಯಲ್ಲೂ ಎಣಿಕೆಗೆ ಬರುತ್ತದೆ. ಆದರೆ ಹೆಸರು ಬೇರೆ, ಅದರೊಳಗಿನ ಕೆಲಸ ಬೇರೆ ಎಂಬುದನ್ನೂ ನಮ್ಮ ಜಿಲ್ಲೆಯೇ ತೋರಿಸಿದೆ. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆ ತಾಲ್ಲೂಕುಗಳಾದವು. ತಹಶೀಲ್ದಾರ್ ಎಂಬ ಹೆಸರು ಹಾಗೇ ಉಳಿಯಿತು, ಕೈಕೆಳಗಿನ ಹಳ್ಳಿಗಳು ಮಾತ್ರ ಕಡಿಮೆಯಾದವು. ಹಾಗಾಗಿ ಹೆಸರಿಗಾಗಿ ಜಗಳ ಆಡುವುದು ಬೇಡ, ಅದು ಯಾವ ಗ್ರೇಡಿಗೆ ಸೇರಿದೆ, ಮುಂದಿನ ಗ್ರೇಡಿಗೆ ದಾರಿ ಯಾವುದು ಎಂದು ಕೇಳೋಣ ಎಂದುಕೊಂಡೆ.

ಫೋನಿನಲ್ಲಿ ಹೌದು, ಇಲ್ಲ ಏನೂ ಹೇಳಲಿಲ್ಲ. ಮರುದಿನ ಇಷ್ಟು ಬರೆದು ಕಳಿಸಿದೆ:

“ಈ ಕೆಲಸ ನನಗೆ ಇಷ್ಟವಾಗಿದೆ. ಡೊಮೇನ್ ಹೊಸದು ಎಂಬುದನ್ನು ಒಪ್ಪುತ್ತೇನೆ. ತೀರ್ಮಾನಿಸುವ ಮುನ್ನ ಮೂರು ವಿಷಯ ತಿಳಿಯಬೇಕು. ಈ ಹುದ್ದೆಯ ಗ್ರೇಡ್ ಯಾವುದು, ಅದರ ಸಂಬಳದ ಮೇಲ್ಮಿತಿ ಎಷ್ಟು? ಮುಂದಿನ ಗ್ರೇಡಿಗೆ ಕನಿಷ್ಠ ಎಷ್ಟು ತಿಂಗಳು, ಯಾವ ತಾರೀಖಿನಿಂದ ಲೆಕ್ಕ? ಏನು ಮಾಡಿ ತೋರಿಸಿದರೆ ಬಡ್ತಿ, ಅದನ್ನು ತೀರ್ಮಾನಿಸುವವರು ಯಾರು? ಮೂರನೆಯದನ್ನು ತಂಡದ ಮುಖ್ಯಸ್ಥರ ಜೊತೆ ಅರ್ಧ ಗಂಟೆ ಮಾತಾಡಲು ಅವಕಾಶವಾದರೆ ಒಳ್ಳೆಯದು.”

ಮುಖ್ಯಸ್ಥರನ್ನು ಕೇಳಿದ್ದಕ್ಕೆ ಕಾರಣವಿದೆ. ಆಫರ್ ಕೊಡುವವರು ರಿಕ್ರೂಟರ್, ಆದರೆ ನಾಳೆ ಬಡ್ತಿಗೆ ಹೆಸರು ಕಳಿಸುವವರು ಅವರಲ್ಲ.

ಉತ್ತರ ಬಂತು: ಗ್ರೇಡಿನಲ್ಲಿ ಕನಿಷ್ಠ ಹದಿನೆಂಟು ತಿಂಗಳು ಇರಬೇಕು. ಬಡ್ತಿ ವರ್ಷಕ್ಕೊಮ್ಮೆ, ಏಪ್ರಿಲ್ 1ಕ್ಕೆ. ಕೇಳಲು ಇದು ಒಂದೂವರೆ ವರ್ಷ. ಕ್ಯಾಲೆಂಡರ್ ಮುಂದಿಟ್ಟುಕೊಂಡರೆ ಬೇರೆಯೇ ಕಾಣುತ್ತದೆ. ಹಳೆಯ ಕಂಪನಿಯ ಎರಡು ತಿಂಗಳ ನೋಟಿಸ್ ಮುಗಿಸಿ ನಾನು ಸೇರುವುದು 2023ರ ನವೆಂಬರ್ 1ಕ್ಕೆ. ಹದಿನೆಂಟು ತಿಂಗಳು ತುಂಬುವುದು 2025ರ ಏಪ್ರಿಲ್ ಕೊನೆಗೆ. ಒಂದೇ ತಿಂಗಳಿನಲ್ಲಿ ಆ ವರ್ಷದ ಬಡ್ತಿ ತಪ್ಪುತ್ತದೆ. ಮುಂದಿನದು 2026ರ ಏಪ್ರಿಲ್, ಅಂದರೆ ಎರಡು ವರ್ಷ ಐದು ತಿಂಗಳು. ಅಷ್ಟರೊಳಗೆ ಸಂಬಳ ಮೇಲ್ಮಿತಿಗೆ ತಾಗಬಹುದು. ನನಗೆ ಹೇಳಿದ ಮಿತಿ ಹತ್ತೂವರೆ ಲಕ್ಷ, ಆಫರ್ ಒಂಬತ್ತೂವರೆ. ವರ್ಷಕ್ಕೆ ಶೇಕಡಾ 8 ಏರಿದರೆ ಮೊದಲ ಸಲ 10.26 ಲಕ್ಷ. ಎರಡನೆಯ ಸಲದ ಪೂರ್ತಿ ಏರಿಕೆಗೆ ಜಾಗವಿಲ್ಲ.

ಈ ತಾರೀಖುಗಳನ್ನೇ ಬರೆದು, ದೂರಿನ ದನಿ ಇಲ್ಲದೆ ಕೇಳಿದೆ: “ಹೆಸರು ಹೀಗೇ ಇರಲಿ. ಹನ್ನೆರಡು ತಿಂಗಳಿಗೆ, ಅಂದರೆ 2024ರ ನವೆಂಬರಿನಲ್ಲಿ, ಒಂದು ಪರಿಶೀಲನೆ ಇಡಬಹುದೇ? ಅದರಲ್ಲಿ ಅರ್ಹನೆಂದು ಕಂಡರೆ 2025ರ ಏಪ್ರಿಲ್ ಬಡ್ತಿಗೆ ಹದಿನೆಂಟು ತಿಂಗಳ ನಿಯಮ ಅಡ್ಡಬಾರದಿರಲಿ.” ಮುಖ್ಯಸ್ಥರು ಒಪ್ಪಿ ಮೂರು ಗುರಿ ಹೇಳಿದರು: ಒಂದು ಜಿಲ್ಲೆಯ ಸಾಲ ಮರುಪಾವತಿ ವರದಿಯನ್ನು ಯಾರ ನೆರವೂ ಇಲ್ಲದೆ ಮಾಡುವುದು, ದತ್ತಾಂಶದ ತಪ್ಪು ಹಿಡಿಯುವ ಪರೀಕ್ಷೆಗಳನ್ನು ಬರೆಯುವುದು, ಬ್ಯಾಂಕಿನವರ ಮುಂದೆ ಅವನ್ನು ವಿವರಿಸುವುದು. ಪರಿಶೀಲನೆಯ ಸಾಲು ಆಫರ್ ಪತ್ರದಲ್ಲಿ ಬಂತು, ಗುರಿಗಳು ಮೇಲ್‌ನಲ್ಲಿ ಬಂದವು. ಆಮೇಲೆ ಸಹಿ ಹಾಕಿದೆ.

ಪರಿಶೀಲನೆ ಎಂದರೆ ಬಡ್ತಿಯ ಭರವಸೆಯಲ್ಲ. ಕೆಲಸ ಸಾಲದಿದ್ದರೆ, ಆ ವರ್ಷ ಕಂಪನಿಯ ಹಣಕಾಸು ಬಿಗಿಯಾದರೆ ಅದು ನಿಲ್ಲುತ್ತದೆ. ಮುಖ್ಯಸ್ಥರು ಬದಲಾದರೆ ಆ ಮೇಲ್ ಒಂದೇ ನಮ್ಮ ಕೈಯಲ್ಲಿ ಉಳಿಯುವುದು. ಆದರೂ ಈ ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲೇ ಆಫರಿನ ಗಟ್ಟಿತನ ಗೊತ್ತಾಗುತ್ತದೆ. ತಿಂಗಳು, ಗ್ರೇಡು, ತೀರ್ಮಾನಿಸುವವರ ಹೆಸರು ಬಂದರೆ ದಾರಿ ಇದೆ. “ಬೆಳವಣಿಗೆಗೆ ಇಲ್ಲಿ ಮಿತಿಯೇ ಇಲ್ಲ” ಎಂದಷ್ಟೇ ಬಂದರೆ, ಅದೇ ಹೆಸರಿನಲ್ಲಿ ಮೂರು ವರ್ಷ ಇರಲು ನಾವು ತಯಾರಿದ್ದೇವೆಯೇ ಎಂದು ಕೇಳಿಕೊಂಡು ತೀರ್ಮಾನಿಸಬೇಕು.

ನವೆಂಬರಿನ ಪರಿಶೀಲನೆ ನಡೆಯಿತು, 2025ರ ಏಪ್ರಿಲ್‌ನಲ್ಲಿ ಅಸೋಸಿಯೇಟ್ ಎಂಬ ಪದ ಹೋಯಿತು. ಮ್ಯಾನೇಜರ್ ಎಂಬುದು ಇನ್ನೂ ಎರಡು ಮೆಟ್ಟಿಲು ಮೇಲಿದೆ. ಅವುಗಳ ತಾರೀಖನ್ನೂ ಕೇಳಿಟ್ಟುಕೊಂಡಿದ್ದೇನೆ.