ಅಳತಿ ಕುಬಸ

ಮಾರ್ಚ್ 4

ಇವತ್ತು ಹನ್ನೊಂದನೆಯ ಪಾರ್ಸೆಲ್ ಧಾರವಾಡಕ್ಕೆ ಹೋಯಿತು. ಗುಳೇದಗುಡ್ಡದ ಕೆಂಪು ಖಣದ ಕುಬಸ, ತೋಳಿಗೆ ಅಂಚು ಬರುವಂತೆ ಅಪ್ಪ ಹೊಲಿದದ್ದು. ಖಣದ ಪನ್ನಾ ಕಿರಿದು; ಒಮ್ಮೆ ಕತ್ತರಿ ತಪ್ಪಿದರೆ ಅಂಚು ಮತ್ತೆ ಸಿಗುವುದಿಲ್ಲ. ಚಾಕ್ ಗೆರೆ ಎಳೆದ ಮೇಲೂ ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ನಿಂತಿದ್ದ.

ಮಾರ್ಚ್ 8

ಬೆಳಿಗ್ಗೆಯೇ ಧಾರವಾಡದಿಂದ ಫೋನು. "ಕೈ ಎತ್ತಾಕ ಬರವಲ್ದು. ರವಿವಾರ ಮಗಳ ಕುಬಸದ ಕಾರ್ಯ ಐತಿ. ಬರೇ ರೊಕ್ಕ ತಗೊಳ್ಳಾಕ ಕುಂತೀರೇನು?" ಮಗಳ ಸೀಮಂತಕ್ಕೆಂದೇ ಹೊಲಿಸಿದ ಕುಬಸ. ನನಗೆ ಮಾತೇ ಹೊರಡಲಿಲ್ಲ. "ತಪ್ಪಾತ್ರಿ, ಒಂದ್ ಫೋಟೋ ಕಳಸ್ರಿ" ಅಂದೆನಷ್ಟೆ.

ಅಪ್ಪನ ಮೇಲೆ ಸಿಟ್ಟು ಬಂದದ್ದು ನಿಜ. ಬರೆದಿಡುತ್ತೇನೆ.

ಫೋಟೋ ನೋಡಿ ಅಪ್ಪ ಕೇಳಿದ್ದು ಒಂದೇ: "ಅಳತಿ ಕುಬಸ ಎಲ್ಲೈತಿ?" ಇಲ್ಲ, ಆಕೆ ಎದೆ 36 ಎಂದು ಬರೆದು ಕಳಿಸಿದ್ದಳು. "ಮೈ ಅಳತಿನೋ, ಕುಬಸದ ಅಳತಿನೋ?"

ನಾನು ಕೇಳಿರಲೇ ಇಲ್ಲ. ಅಂಗಡಿಗೆ ಬರುವವರು ಹಳೆಯ ಕುಬಸ ತಂದು ಕೊಡುತ್ತಾರೆ. ಅದರಲ್ಲಿ ಉಸಿರಾಡುವ ಸಡಿಲ ಮೊದಲೇ ಸೇರಿರುತ್ತದೆ. ಹಾಗಾಗಿ ಅಪ್ಪ 36 ಎಂದರೆ 36ಕ್ಕೇ ಹೊಲಿಯುತ್ತಾನೆ. ಮೈಗೆ ಟೇಪು ಸುತ್ತಿ ತೆಗೆದ 36ಕ್ಕೆ ಸಡಿಲವನ್ನು ನಾವೇ ಕೂಡಿಸಬೇಕು. ಫೋಟೋದಲ್ಲಿ ಹುಕ್ಕಿನಿಂದ ಕಂಕುಳಿನತನಕ ಅಡ್ಡ ನಿರಿಗೆ ಎಳೆದಿದ್ದವು. ಎದೆ ಬಿಗಿಯಾದರೆ ಹೀಗೇ ಎಳೆಯುತ್ತದೆ ಎಂದು ಅಪ್ಪ ಬೆರಳಿಟ್ಟು ತೋರಿಸಿದ.

ಫೋನು ಅವನೇ ಇಸಿದುಕೊಂಡ. "ತಂಗೀ, ಈ ಕುಬಸ, ನಿಂದೊಂದು ಹಳೇ ಕುಬಸ, ಎರಡೂ ಇವತ್ತ ಕಳಸವ್ವಾ. ಬಿಚ್ಚಿ ಸರಿ ಮಾಡಿ ಕೊಡ್ತೀನಿ. ಹೋಗಿ ಬರೂ ಖರ್ಚು ನಮ್ದು."

ಮಾರ್ಚ್ 10

ಪಾರ್ಸೆಲ್ ಬಂತು. ಆಕೆಯ ಹಳೆಯ ಕುಬಸಕ್ಕೆ ಹುಕ್ಕು ಹಾಕಿ ಮೇಜಿನ ಮೇಲೆ ಹಾಸಿ, ಕಂಕುಳಿನಿಂದ ಕಂಕುಳಿಗೆ ಟೇಪು ಹಿಡಿದೆವು. 19 ಇಂಚು, ಅಂದರೆ ಸುತ್ತು 38. ನಮ್ಮದರಲ್ಲಿ ಎರಡಿಂಚು ಕಡಿಮೆ.

ಪಕ್ಕದ ಹೊಲಿಗೆಯ ಒಳಗೆ ಅಪ್ಪ ಯಾವಾಗಲೂ ಒಂದಿಂಚು ಬಟ್ಟೆ ಬಿಟ್ಟಿರುತ್ತಾನೆ. ಎರಡೂ ಮಗ್ಗುಲಲ್ಲಿ ಮುಂದಿನ, ಹಿಂದಿನ ಭಾಗಗಳಿಂದ ಅರ್ಧರ್ಧ ಇಂಚು ಬಿಟ್ಟುಕೊಟ್ಟಾಗ ಎರಡಿಂಚು ಸಿಕ್ಕಿತು. ಆ ಹೊಸ ಗೆರೆ ತೋಳಿನ ಕೆಳಗೂ ಮುಂದುವರಿಯಬೇಕು. ಇಲ್ಲದಿದ್ದರೆ ಕಂಕುಳು ಹಿಡಿಯುತ್ತದೆ. ಹೊಲಿಗೆ ಬಿಚ್ಚಿದವಳು ನಾನು. ಖಣದ ಎಳೆ ಕಿತ್ತು ಬರಬಾರದೆಂದು ನಾಲ್ಕು ಹೊಲಿಗೆಗೊಮ್ಮೆ ದಾರ ಕತ್ತರಿಸಿ ಎಳೆದೆ. ಹಳೆಯ ಸೂಜಿತೂತುಗಳ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಮಾಡಿದ ಮೇಲೆ ಗುರುತು ಬಹಳ ಉಳಿಯಲಿಲ್ಲ.

ಸಂಜೆಯ ಬಸ್ಸಿಗೆ ಕೊಟ್ಟು ಬಂದೆ.

ಮಾರ್ಚ್ 13

ಫೋಟೋ ಬಂದಿದೆ. ಮಗಳಿಗೆ ಉಡಿ ತುಂಬಲು ಆಕೆ ಎರಡೂ ಕೈ ಚಾಚಿದ್ದಾಳೆ. ಅಪ್ಪ ಫೋಟೋ ಹಿಗ್ಗಿಸಿ ನೋಡಿದ್ದು ಕಂಕುಳನ್ನು ಮಾತ್ರ.