ಹನ್ನೊಂದು ‘ಹೇಳುತ್ತಾರೆ’

ಮೂವತ್ತು ವರ್ಷದಿಂದ ನಾನು ಮಕ್ಕಳಿಗೆ ಕಲಿಸುತ್ತ ಬಂದಿರುವ ವಿದ್ಯೆಗಳಲ್ಲಿ ಸಾರಾಂಶ ಬರೆಯುವುದೂ ಒಂದು. ಗದ್ಯವನ್ನು ಮೂರರಲ್ಲಿ ಒಂದು ಭಾಗಕ್ಕೆ ಇಳಿಸಬೇಕು, ಮುಖ್ಯ ಮಾತು ಬಿಡಬಾರದು, ನಿಮ್ಮ ಮಾತು ಸೇರಿಸಬಾರದು. ಈ ಕೊನೆಯ ಸೂಚನೆಯನ್ನು ಕಪ್ಪುಹಲಗೆಯ ಮೇಲೆ ಬರೆದು ಎಷ್ಟು ಸಲ ಅಡಿಗೆರೆ ಎಳೆದಿದ್ದೇನೋ ಲೆಕ್ಕವಿಲ್ಲ. ಅದು ಒಂದು ದಿನ ನನ್ನ ಮನೆಯ ಪಡಸಾಲೆಗೇ ತಿರುಗಿ ಬಂದೀತೆಂದು ಎಣಿಸಿರಲಿಲ್ಲ.

ದಸರೆಯ ರಜೆಯಲ್ಲಿ ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಾಳೆ. ಸೆಮಿನಾರಿಗೆಂದು ಬರೆದ ಮೂರು ಪುಟಗಳನ್ನು ಮುಂದಿಟ್ಟು, “ಅಕ್ಕೋರೆ, ಇದನ್ನ ಒಂದ್ ಸಲ ನೋಡ್ರಿ, ಸರ್ ವಾಪಸ್ ಕೊಟ್ಟಾರ” ಎಂದಳು. ಓದಬೇಕಾಗಿದ್ದ ಲೇಖನ ಅಂಬೇಡ್ಕರರ ‘ಭಾರತದಲ್ಲಿ ಜಾತಿಗಳು’. ಓದಿ ವಿಮರ್ಶಾತ್ಮಕ ಪ್ರತಿಕ್ರಿಯೆ ಬರೆಯಬೇಕಿತ್ತು. ಅವಳ ಬರಹದಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ನಾನಾಗಿದ್ದರೆ ಹತ್ತಕ್ಕೆ ಒಂಬತ್ತು ಕೊಡುತ್ತಿದ್ದೆ. ಅಂಚಿನಲ್ಲಿ ಮಾತ್ರ ಕೆಂಪು ಶಾಯಿಯಲ್ಲಿ ಹೀಗಿತ್ತು: “ಇದನ್ನು ನಾವೆಲ್ಲ ಓದಿದ್ದೇವೆ. ಇದರಲ್ಲಿ ನೀನು ಎಲ್ಲಿದ್ದೀ?”

ನನಗೆ ಚುರುಕ್ಕೆಂದಿತು. ಅವಳು ಎಲ್ಲಿಯೂ ಇರದಂತೆ ನೋಡಿಕೊಂಡವಳು ನಾನೇ ಅಲ್ಲವೆ?

ಪೆನ್ಸಿಲು ಹಿಡಿದು ಕುಳಿತೆವು. ಅಂಬೇಡ್ಕರರ ಮಾತಾಗಿರುವ ವಾಕ್ಯಕ್ಕೆ ಅಡಿಗೆರೆ, ಅವಳದೇ ಮಾತಾಗಿದ್ದರೆ ಸುತ್ತ ಒಂದು ಸುತ್ತು. ಮೂರೂ ಪುಟ ಗೆರೆಗಳಿಂದ ತುಂಬಿತು. ಸುತ್ತು ಬಿದ್ದದ್ದು ಎರಡಕ್ಕೆ. ಅವುಗಳಲ್ಲಿ ಒಂದು ‘ಈ ಲೇಖನ ಇಂದಿಗೂ ಪ್ರಸ್ತುತ’ ಎಂಬುದು. ಯಾವ ಲೇಖನದ ಕೆಳಗಾದರೂ ಅಂಟಿಸಬಹುದಾದ ಚೀಟಿ ಅದು, ಹೊಡೆದುಹಾಕಿದೆ. ‘ಹೇಳುತ್ತಾರೆ’ ಎಂದು ಮುಗಿಯುವ ವಾಕ್ಯಗಳನ್ನು ಎಣಿಸಿದೆವು, ಹನ್ನೊಂದು. ನಾಲ್ಕು ‘ವಿವರಿಸುತ್ತಾರೆ’ ಬೇರೆ.

ಆ ಲೇಖನವೇ ಒಂದು ಸೆಮಿನಾರ್ ಪ್ರಬಂಧ ಎಂಬುದನ್ನು ಅವಳು ಮೊದಲ ಸಾಲಿನಲ್ಲಿ ಬರೆದು ಮರೆತುಬಿಟ್ಟಿದ್ದಳು. 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾ. ಗೋಲ್ಡನ್‌ವೈಸರ್ ಅವರ ಸೆಮಿನಾರಿನಲ್ಲಿ ಅಂಬೇಡ್ಕರರು ಅದನ್ನು ಓದಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಜಾತಿಯ ಬಗ್ಗೆ ಕೇತ್ಕರ್ ಎಂಬ ವಿದ್ವಾಂಸರು ಎರಡು ಲಕ್ಷಣ ಹೇಳಿದ್ದರು: ಹುಟ್ಟಿದವರಿಗಷ್ಟೇ ಒಳಗೆ ಜಾಗ, ಹೊರಗೆ ಮದುವೆ ಇಲ್ಲ. ಅಂಬೇಡ್ಕರರು ಕೇತ್ಕರರ ಪುಸ್ತಕವನ್ನೆಲ್ಲ ತಿರುಗಿ ಹೇಳುವುದಿಲ್ಲ. ಇವು ಎರಡಲ್ಲ, ಒಂದೇ ನಾಣ್ಯದ ಎರಡು ಮುಖ. ಹೊರಗಿನ ಮದುವೆ ನಿಲ್ಲಿಸಿದರೆ ಹುಟ್ಟಿದವರಷ್ಟೇ ಒಳಗೆ ಉಳಿಯುತ್ತಾರೆ ಎನ್ನುತ್ತಾರೆ. ಒಂದು ಮಾತು ಹಿಡಿದು, ಅದನ್ನು ಒಪ್ಪಿ, ತಿದ್ದಿ, ಮುಂದೆ ನಡೆದುಬಿಟ್ಟರು. “ನೀನು ಅವರಿಗೆ ಇಷ್ಟೇ ಮಾಡಬೇಕು” ಎಂದೆ.

“ಅಂಬೇಡ್ಕರರಿಗೆ ನಾನು ಏನ್ ಮಾಡ್ಲಿ, ಅಕ್ಕೋರೆ?” ಎಂದು ನಕ್ಕಳು. ಆ ಭಯ ನನಗೂ ಅರ್ಥವಾಗುತ್ತಿತ್ತು.

ಲೇಖನದಲ್ಲಿ ಹಲವು ವಾದಗಳಿವೆ. ಮನು ಜಾತಿಯನ್ನು ಹುಟ್ಟಿಸಿದವನಲ್ಲ ಎಂಬುದು, ಮೊದಲು ಬಾಗಿಲು ಹಾಕಿಕೊಂಡ ವರ್ಗವನ್ನು ಉಳಿದವರು ಅನುಕರಿಸಿದರು ಎಂಬುದು. ಎಲ್ಲವನ್ನೂ ಮುಟ್ಟಹೋದದ್ದರಿಂದಲೇ ಇವಳ ಬರಹ ಸಾರಾಂಶವಾಗಿತ್ತು. ಯಾವುದರ ಬಳಿ ಓದು ನಿಂತಿತು ಎಂದು ಕೇಳಿದೆ. ಸ್ವಲ್ಪ ತಡೆದು ‘ಮಿಕ್ಕ ಹೆಂಗಸು’ ಎಂದಳು.

ಆ ವಾದವನ್ನು ಸರಪಳಿಯಂತೆ ಬಿಡಿಸಿ ಬರೆಯಿಸಿದೆ. ಜಾತಿಯೊಳಗೇ ಮದುವೆ ನಡೆಯಬೇಕಾದರೆ ಮದುವೆಗೆ ಬಂದ ಗಂಡು ಹೆಣ್ಣುಗಳ ಸಂಖ್ಯೆ ಸರಿಸಮ ಇರಬೇಕು. ಗಂಡ ಸತ್ತರೆ ಒಬ್ಬ ಹೆಂಗಸು ಮಿಗುತ್ತಾಳೆ, ಹೆಂಡತಿ ಸತ್ತರೆ ಒಬ್ಬ ಗಂಡಸು. ಮಿಕ್ಕ ಹೆಂಗಸನ್ನು ಚಿತೆಗೆ ಹಾಕಬೇಕು, ಇಲ್ಲವೆ ವಿಧವೆಯಾಗಿಯೇ ಇಡಬೇಕು. ಮಿಕ್ಕ ಗಂಡಸನ್ನು ಸುಡಲಾಗದು, ಬ್ರಹ್ಮಚರ್ಯವೂ ಅವನಿಂದ ನಡೆಯದು; ಇನ್ನೂ ವಯಸ್ಸಿಗೆ ಬಾರದ ಹುಡುಗಿಯನ್ನು ಅವನಿಗೆ ಕೊಡಬೇಕು. ಸತಿ, ಕಡ್ಡಾಯ ವೈಧವ್ಯ, ಬಾಲ್ಯವಿವಾಹ ಮೂರೂ ಹೀಗೆ ಲೆಕ್ಕ ಸರಿದೂಗಿಸುವ ಉಪಾಯಗಳು. ಅವುಗಳ ಹೊಗಳಿಕೆ ಆಮೇಲೆ ಬಂದದ್ದು. ಬರೆಯುತ್ತಿದ್ದವಳು ಅವಳು, ನನ್ನ ಕಣ್ಣ ಮುಂದೆ ನಿಂತವಳು ನಮ್ಮಪ್ಪನ ಸೋದರತ್ತೆ. ಕೆಂಪು ಸೀರೆ, ಬೋಳು ತಲೆ; ಒಂಬತ್ತಕ್ಕೆ ಮದುವೆ, ಹನ್ನೊಂದಕ್ಕೆ ಎಲ್ಲ ಮುಗಿದಿತ್ತು. ಅವಳು ಒಂದು ಲೆಕ್ಕದ ಶೇಷವೆಂದು ಯಾರೂ ನನಗೆ ಹೇಳಿರಲಿಲ್ಲ.

ಈಗ ಯಾವ ಕೊಂಡಿಯನ್ನು ಎಳೆದು ನೋಡಬೇಕು? “ವಿಧವೆ ಜಾತಿಯೊಳಗೇ ಮತ್ತೆ ಮದುವೆ ಆದ್ರ ಏನ್ ಕೆಡತೈತಿ?” ಎಂದಳು. ಹಿಗ್ಗಿನಿಂದ ಒಂದು ಪ್ಯಾರಾ ಬರೆದೂಬಿಟ್ಟಳು. ಆದರೆ ಪುಟ ತಿರುವಿದರೆ ಉತ್ತರ ಅಲ್ಲೇ ಇತ್ತು: ವಿಧವೆ ಒಳಗೇ ಮದುವೆಯಾದರೆ, ಕಾದು ಕುಳಿತ ಕನ್ಯೆಯರ ಪಾಲಿನ ವರನನ್ನು ಕಿತ್ತುಕೊಂಡಂತೆ. ಆ ಪ್ಯಾರಾ ಹೋಯಿತು. ಲೇಖಕ ಆಗಲೇ ಉತ್ತರಿಸಿದ ಆಕ್ಷೇಪವನ್ನು ಹೊಸದೆಂಬಂತೆ ಎತ್ತುವುದು ಸಾರಾಂಶಕ್ಕಿಂತ ದೊಡ್ಡ ತಪ್ಪು. ಅದಕ್ಕೇ ಆಕ್ಷೇಪ ಹೊಳೆದ ಮೇಲೆ ಇನ್ನೊಮ್ಮೆ ಓದಬೇಕಾಗುತ್ತದೆ.

ಚಹಾ ಆಯಿತು. ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದಳು: “ನಮ್ಮಜ್ಜಿದು ಉಡಿಕಿ ಆಗಿತ್ರಿ.”

ನಮ್ಮ ಕಡೆ ಹಲವು ಜಾತಿಗಳಲ್ಲಿ ವಿಧವೆಗೆ ಸೀರೆ ಉಡಿಸಿ ಮತ್ತೆ ಸಂಸಾರ ಕಟ್ಟಿಕೊಡುವುದುಂಟು. ಅದೇ ಉಡಿಕೆ. ಅವಳಜ್ಜಿಯದು ರಾತ್ರಿ ಹೊತ್ತು ನಡೆದಿತ್ತಂತೆ, ವಾಲಗವಿಲ್ಲ, ಮುತ್ತೈದೆಯರು ಎದುರಿಗೆ ಬರಲಿಲ್ಲ. ವರ ಅದೇ ಜಾತಿಯ, ಹೆಂಡತಿ ಸತ್ತವನು. “ಲಗ್ನ ಆಗದ ಹುಡುಗಗ ಕೊಡ್ತಿರಲಿಲ್ರಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮಿಕ್ಕ ಹೆಂಗಸನ್ನೂ ಮಿಕ್ಕ ಗಂಡಸನ್ನೂ ಜೋಡಿಸಿಬಿಟ್ಟರೆ ಲೆಕ್ಕ ಸರಿಹೋಯಿತು! ಸುಡಬೇಕಿಲ್ಲ, ತಲೆ ಬೋಳಿಸಬೇಕಿಲ್ಲ, ಎಳೆ ಹುಡುಗಿಯನ್ನು ಮುದುಕನಿಗೆ ಕೊಡಬೇಕಿಲ್ಲ, ಜಾತಿಯೂ ಹಾಗೇ ಉಳಿಯಿತು. ಈ ನಾಲ್ಕನೆಯ ದಾರಿಯನ್ನು ಆ ಪುಟಗಳಲ್ಲಿ ಹುಡುಕಿದೆವು, ಸಿಗಲಿಲ್ಲ. ಆದರೆ ಲಗ್ನವಾಗದ ಹುಡುಗನಿಗೆ ಕೊಡದ ಆ ನಿಯಮ ಅಂಬೇಡ್ಕರರನ್ನೇ ಸಮರ್ಥಿಸುತ್ತಿತ್ತು. ಕನ್ಯೆಯರ ಪಾಲಿಗೆ ವಿಧವೆ ಕೈ ಹಾಕದಂತೆ ಹಾಕಿದ ಬೇಲಿಯಲ್ಲವೆ ಅದು? ಅವರು ಕಂಡ ಒತ್ತಡ ನಿಜ, ಅದಕ್ಕಿರುವ ಬಿಡುಗಡೆಯ ದಾರಿ ಮಾತ್ರ ಮೂರೇ ಅಲ್ಲ. ಅವಳ ವಾದ ಇದಾಯಿತು.

ಅಂಬೇಡ್ಕರರ ಕಡೆಯಿಂದ ಇದಕ್ಕೆ ಬರಬಹುದಾದ ಉತ್ತರವನ್ನೂ ಬರೆಯಿಸಿದೆ. ಬ್ರಾಹ್ಮಣರಿಂದ ದೂರವಾದಷ್ಟೂ ಅನುಕರಣೆ ಸಡಿಲವಾಗುತ್ತದೆ, ತೀರ ದೂರದವರು ಜಾತಿಯ ನಂಬಿಕೆಯನ್ನಷ್ಟೇ ಎತ್ತಿಕೊಂಡರು ಎಂದು ಅವರೇ ಹೇಳಿದ್ದಾರೆ. ಸರಿ, ಉಳಿದ ಪದ್ಧತಿಗಳು ಅಲ್ಲಿಗೆ ಏಕೆ ತಲುಪಲಿಲ್ಲವೆಂದು ಇದರಿಂದ ತಿಳಿಯುತ್ತದೆ. ಅವುಗಳಿಲ್ಲದೆ ಜಾತಿ ಹೇಗೆ ಬಿಗಿಯಾಗಿ ನಿಂತಿತು ಎಂಬುದು ತಿಳಿಯುವುದಿಲ್ಲ. ಇಷ್ಟನ್ನು ಅವಳು ತಾನಾಗಿಯೇ ಬರೆದಳು.

ಮೂರು ಪುಟದ ಸಾರಾಂಶದಲ್ಲಿ ಕೊನೆಗೆ ಉಳಿದದ್ದು ಸರಪಳಿಯ ಐದು ವಾಕ್ಯ. ಸೆನಾರ್, ನೆಸ್‌ಫೀಲ್ಡ್, ರಿಸ್ಲೆ ಇವರೆಲ್ಲರ ವ್ಯಾಖ್ಯೆಗಳು ಹೋದವು. ಅವುಗಳನ್ನು ಹೊಡೆಯುವಾಗ ಅವಳ ಮುಖ ಸಣ್ಣಗಾಯಿತು, ಕಷ್ಟಪಟ್ಟು ಕನ್ನಡಿಸಿದ್ದಳು ಪಾಪ.

ಅಜ್ಜಿಯ ಮಾತೊಂದು ಉಳಿಯಿತು. ಉಡಿಕೆಯ ಮೊಮ್ಮಗಳೆಂದು ಗೆಳತಿಯರ ಮುಂದೆ ಹೇಳಿಕೊಳ್ಳುವುದು ಸುಲಭವಲ್ಲ. ‘ನಮ್ಮ ಭಾಗದ ಹಳ್ಳಿಗಳಲ್ಲಿ’ ಎಂದು ಬರೆದರೂ ನಡೆಯುತ್ತದೆ ಎಂದೆ. ಹಾಗೆಯೇ ಬರೆದುಕೊಂಡು ಬಸ್ಸು ಹತ್ತಿದಳು.

ಮುಂದಿನ ವಾರ ಫೋನು ಮಾಡಿದಳು. ಪ್ರಬಂಧ ಓದಿ ಮುಗಿಸಿದಾಗ ಸರ್ ಕೇಳಿದರಂತೆ, ಇದನ್ನು ಎಲ್ಲಿ ಓದಿದೆ ಎಂದು.

“ಓದಿಲ್ರಿ ಸರ್, ನಮ್ಮಜ್ಜಿದು ಅಂದೆ, ಅಕ್ಕೋರೆ.”

“ಏನಂದರು?”

“ಒಬ್ಬಾಕಿ ಮಾತು ಸಾಲೂದಿಲ್ಲ, ಇನ್ನೂ ಹತ್ತು ಮುದುಕ್ಯಾರನ್ನ ಕೇಳಕೊಂಡು ಬಾ ಅಂದ್ರು. ಬರೂ ಆಯಿತವಾರ ಊರಿಗೆ ಬರತೀನ್ರಿ.”