ಹಾಲು, ಮೊಸರು ಮತ್ತು ‘ಕಡಿಮೆ’ ಎಂಬ ಪದ: ಒಂದು ಅಧ್ಯಾಯದ ಪುನರಾವರ್ತನೆಯ ಅನುಭವ

ಬೋಧನಾಭ್ಯಾಸಕ್ಕಾಗಿ ನನ್ನನ್ನು ಶಹಾಪುರದ ಒಂದು ಪ್ರೌಢಶಾಲೆಗೆ ಹಾಕಿದ್ದರು. ಕಾಲೇಜು ಯಾದಗಿರಿಯಲ್ಲಿ, ಮನೆ ಸುರಪುರದಲ್ಲಿ. ದಿನವೂ ಬಸ್ಸಿನಲ್ಲಿ ಓಡಾಟ. ಹತ್ತನೆಯ ತರಗತಿಯ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಅಧ್ಯಾಯವನ್ನು ಪಾಠ ಮಾಡಿ ಮುಗಿಸಿದ್ದೆ. ಘಟಕ ಪರೀಕ್ಷೆಗೆ ಮುಂಚೆ ಪುನರಾವರ್ತನೆಗೆಂದು ಪ್ರಶ್ನೋತ್ತರ ತಯಾರಿಸಿಕೊಡಲು ಮಾರ್ಗದರ್ಶಿ ಶಿಕ್ಷಕಿಯವರು ಹೇಳಿದರು. ಎರಡು ರಾತ್ರಿ ಕೂತು ನಲವತ್ತು ಪ್ರಶ್ನೆ ಬರೆದೆ. ಪಠ್ಯದ ವಾಕ್ಯವನ್ನು ತೆಗೆದುಕೊಂಡು ಕೊನೆಗೆ ‘ಏಕೆ?’ ಅಥವಾ ‘ಏನು?’ ಸೇರಿಸಿದರೆ ಪ್ರಶ್ನೆ, ಅದೇ ವಾಕ್ಯ ಉತ್ತರ. ಮಕ್ಕಳು ಬರೆದುಕೊಂಡರು, ಬಾಯಿಪಾಠ ಮಾಡಿದರು. ಮೂರನೆಯ ದಿನ ಕೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತಿತ್ತು. ನನಗೆ ಸಂತೋಷವಾಗಿತ್ತು.

ಆ ನಲವತ್ತರಲ್ಲಿ ಒಂದು ಪ್ರಶ್ನೆ ಹೀಗಿತ್ತು: ಹಾಲು ಮೊಸರಾದಾಗ ಅದರ ಪಿಎಚ್ ಏನಾಗುತ್ತದೆ? ಉತ್ತರ: ಲ್ಯಾಕ್ಟಿಕ್ ಆಮ್ಲ ಉಂಟಾಗುವುದರಿಂದ ಪಿಎಚ್ ಕಡಿಮೆಯಾಗುತ್ತದೆ. ಇದನ್ನು ತಪ್ಪದೆ ಹೇಳುವ ಒಬ್ಬ ಹುಡುಗಿಯನ್ನು ನಿಲ್ಲಿಸಿ, ಪಾಠ ನೋಡುತ್ತ ಹಿಂದೆ ಕುಳಿತಿದ್ದ ಮೇಡಂ ಒಂದೇ ಮಾತು ಕೇಳಿದರು: “ಬೀಕರಿನಾಗ ಹೈಡ್ರೋಕ್ಲೋರಿಕ್ ಆಮ್ಲ ಐತಿ. ಅದಕ್ಕ ನೀರು ಕೂಡಿಸಿದ್ರ ಪಿಎಚ್ ಏನಾಗ್ತದ?”

“ಕಡಿಮೆ ಆಗ್ತದ್ರಿ” ಎಂದಳು.

“ಯಾಕ?”

“ನೀರು ಹಾಕಿದ್ರ ಹುಳಿ ಕಡಿಮಿ ಆಗ್ತದಲ್ರಿ, ಅದಕ್ಕ.”

ತರಗತಿಯ ಬಹುಪಾಲು ಮಕ್ಕಳು ಅದಕ್ಕೇ ತಲೆಯಾಡಿಸಿದರು. ಅವಳ ಕಾರಣ ಸರಿಯಿತ್ತು, ಆಮ್ಲೀಯತೆ ಕಡಿಮೆಯಾಗುವುದು ನಿಜ. ಆದರೆ ತೀರ್ಮಾನ ತಲೆಕೆಳಗಾಗಿತ್ತು. ಪಿಎಚ್ ಎಂದರೆ ಆಮ್ಲದ ಪ್ರಮಾಣ ಎಂದೇ ಅವಳ ಮನಸ್ಸಿನಲ್ಲಿತ್ತು. ಹಾಗೆ ತಿಳಿದವಳು ಮೊಸರಿನ ಪ್ರಶ್ನೆಗೆ ‘ಹೆಚ್ಚಾಗುತ್ತದೆ’ ಎನ್ನಬೇಕಿತ್ತು. ನನ್ನ ಪ್ರಶ್ನೋತ್ತರ ಅವಳ ಬಾಯಿಗೆ ‘ಕಡಿಮೆ’ ಎಂಬ ಪದ ಕೊಟ್ಟು ತಪ್ಪನ್ನು ಮುಚ್ಚಿಬಿಟ್ಟಿತ್ತು. ಘಟಕ ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಅವಳಿಗೆ ಪೂರ್ಣ ಅಂಕ ಬರುತ್ತಿತ್ತು, ಅವಳ ತಪ್ಪು ಕಲ್ಪನೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಮರುದಿನ ಪ್ರಯೋಗದ ಸಾಮಾನು ತೆಗೆದೆ. ಪಿಎಚ್ ಸುಮಾರು 1 ಇರುವ ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 10 ಮಿ.ಲೀ. ಅಳೆದು 90 ಮಿ.ಲೀ. ನೀರಿಗೆ ಸೇರಿಸಿದೆವು. ಅಧ್ಯಾಯ ಹೇಳುವಂತೆ ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ಮೇಡಂ ಪ್ರಶ್ನೆಯಲ್ಲಿ ನೀರನ್ನು ಆಮ್ಲಕ್ಕೆ ಹಾಕಿದ್ದನ್ನು ಒಬ್ಬ ಹುಡುಗ ಆಗಲೇ ಗುರುತಿಸಿದ್ದ. ಆಮ್ಲವೇ ಹತ್ತು ಪಟ್ಟು ತೆಳುವಾಯಿತು, ಅಂದರೆ ಹೈಡ್ರೋಜನ್ ಅಯಾನುಗಳ ಸಾಂದ್ರತೆ ಹತ್ತನೇ ಒಂದು ಭಾಗವಾಯಿತು, ಪಿಎಚ್ 2 ಆಯಿತು. ಅದರಿಂದ ಮತ್ತೆ 10 ಮಿ.ಲೀ. ತೆಗೆದು ಅದೇ ರೀತಿ ಮಾಡಿದರೆ 3. ಪಿಎಚ್ ಕಾಗದದ ಕೆಂಪು ಕಿತ್ತಳೆಯ ಕಡೆ ಜಾರಿತು. ಸಾಂದ್ರತೆ ಇಳಿಯಿತು, ಸಂಖ್ಯೆ ಏರಿತು ಎಂಬುದನ್ನು ಮಕ್ಕಳು ಕಣ್ಣಾರೆ ಕಂಡರು. ಲಾಗರಿತಮ್ ಲೆಕ್ಕ ಈ ತರಗತಿಗೆ ಬೇಕಿಲ್ಲ, ದಿಕ್ಕು ತಿಳಿದರೆ ಸಾಕು.

ಆಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: “ಸರ್, ಹೀಂಗ ನೀರು ಹಾಕ್ಕೋತ ಹೋದ್ರ ಪಿಎಚ್ 8 ಆಗ್ತದೇನ್ರಿ?” ಇಲ್ಲ. ಶುದ್ಧ ನೀರಿನದೇ ಪಿಎಚ್ 7. ಎಷ್ಟು ತೆಳುವಾದರೂ ಆಮ್ಲದ ದ್ರಾವಣ 7ರ ಹತ್ತಿರ ಬರುತ್ತದೆ, ಅದನ್ನು ದಾಟುವುದಿಲ್ಲ. ನೀರು ಆಮ್ಲವನ್ನು ತಟಸ್ಥಗೊಳಿಸುವುದಿಲ್ಲ, ಹರಡುತ್ತದೆ ಅಷ್ಟೇ. ದುರ್ಬಲಗೊಳಿಸುವುದಕ್ಕೂ ತಟಸ್ಥೀಕರಣಕ್ಕೂ ಇರುವ ಭೇದವನ್ನು ನಾನು ನಲವತ್ತು ಪ್ರಶ್ನೆಗಳಲ್ಲಿ ಎಲ್ಲೂ ಕೇಳಿರಲಿಲ್ಲ. ಆ ಹುಡುಗನ ಪ್ರಶ್ನೆಯನ್ನು ಹಾಗೆಯೇ ಹೊಸ ಪಟ್ಟಿಗೆ ಸೇರಿಸಿದೆ.

ಮೊದಲು ಇದನ್ನೆಲ್ಲ ಮಜ್ಜಿಗೆಯಲ್ಲಿ ಮಾಡಬೇಕೆಂದಿದ್ದೆ. ಮನೆಯಲ್ಲಿ ಮಾಡಿ ನೋಡಿದೆ, ನೀರು ಬೆರೆಸಿದರೂ ಕಾಗದದ ಬಣ್ಣ ಹೆಚ್ಚುಕಡಿಮೆ ಬದಲಾಗಲಿಲ್ಲ. ಲ್ಯಾಕ್ಟಿಕ್ ಆಮ್ಲ ದುರ್ಬಲ ಆಮ್ಲ. ಮೇಲಾಗಿ ಮಜ್ಜಿಗೆಯಲ್ಲಿರುವ ಪ್ರೋಟೀನು, ಲವಣಗಳು ಪಿಎಚ್ ಬದಲಾಗದಂತೆ ತಡೆಯುತ್ತವೆ. ಪರಿಚಿತ ಉದಾಹರಣೆ ಯಾವಾಗಲೂ ಒಳ್ಳೆಯದು ಎಂಬ ನನ್ನ ನಂಬಿಕೆ ಅಲ್ಲಿ ಸಡಿಲವಾಯಿತು. ಉದಾಹರಣೆಯನ್ನು ತರಗತಿಗೆ ಒಯ್ಯುವ ಮುಂಚೆ ನಾವೇ ಮಾಡಿ ನೋಡಬೇಕು.

ಹೊಸ ಪಟ್ಟಿಯಲ್ಲಿ ಹಾಲಿನ ವಿಷಯ ಹೀಗೆ ಬಂತು. ಹಾಲು ಮಾರುವವನು ತಾಜಾ ಹಾಲಿಗೆ ಚಿಟಿಕೆ ಅಡುಗೆ ಸೋಡಾ ಹಾಕುತ್ತಾನೆ. ಮೊಸರಾಗಲು ಹೆಚ್ಚು ಸಮಯ ಹಿಡಿಯುತ್ತದೆ, ಏಕೆ? ಪಠ್ಯದ ಅಭ್ಯಾಸದಲ್ಲಿರುವ ಇದನ್ನು ನಾನು ಎರಡು ಅಂಕಕ್ಕೆ ಇಟ್ಟು, ಉತ್ತರವನ್ನು ಹೆಜ್ಜೆಯಾಗಿ ಒಡೆದೆ. ಸೋಡಾ ಹಾಲನ್ನು ಸ್ವಲ್ಪ ಪ್ರತ್ಯಾಮ್ಲೀಯವಾಗಿಸುತ್ತದೆ ಎಂದರೆ ಒಂದು ಅಂಕ. ಆಮೇಲೆ ಉಂಟಾಗುವ ಲ್ಯಾಕ್ಟಿಕ್ ಆಮ್ಲದಲ್ಲಿ ಮೊದಲ ಪಾಲು ಈ ಸೋಡಾವನ್ನು ತಟಸ್ಥಗೊಳಿಸಲು ಖರ್ಚಾಗುತ್ತದೆ, ಆ ಬಳಿಕವೇ ಪಿಎಚ್ ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯುತ್ತದೆ ಎಂದರೆ ಇನ್ನೊಂದು. ಹಲವರು ‘ಸೋಡಾದಿಂದ ಬ್ಯಾಕ್ಟೀರಿಯಾ ಸಾಯುತ್ತವೆ’ ಎಂದು ಬರೆದರು. ಸತ್ತರೆ ಹಾಲು ಮೊಸರೇ ಆಗುವುದಿಲ್ಲ. ಪ್ರಶ್ನೆ ಹೇಳುವುದು ತಡವಾಗುತ್ತದೆ ಎಂದು. ಈ ಒಂದು ಮಾತನ್ನು ಅವರ ಉತ್ತರಪತ್ರಿಕೆಯ ಅಂಚಿನಲ್ಲಿ ಬರೆದೆ. ಹೆಚ್ಚಿನವರು ತಾವೇ ತಿದ್ದಿಕೊಂಡರು.

ಇನ್ನೊಂದು ಪ್ರಶ್ನೆ ನಮ್ಮ ಸೀಮೆಯದೇ. ಆಮ್ಲೀಯ ಮಣ್ಣಿಗೆ ಸುಣ್ಣ ಹಾಕುತ್ತಾರೆ ಎಂಬುದನ್ನು ಮಕ್ಕಳು ‘ಮಣ್ಣು ಸರಿಪಡಿಸಲು ಸುಣ್ಣ’ ಎಂದು ನೆನಪಿಟ್ಟಿದ್ದರು. ಶಹಾಪುರ, ಸುರಪುರದ ಕಪ್ಪು ಮಣ್ಣು ಸಾಮಾನ್ಯವಾಗಿ ಪ್ರತ್ಯಾಮ್ಲೀಯ. ನಾರಾಯಣಪುರದ ಕಾಲುವೆ ನೀರು ಬಂದ ಗದ್ದೆಗಳಲ್ಲಿ ನೀರು ಬಸಿಯದೆ ನಿಂತ ಕಡೆ ಮೇಲೆ ಬಿಳಿ ಪದರ ಕಟ್ಟುವುದನ್ನು ಮಕ್ಕಳೇ ಹೇಳಿದರು. ಹೀಗೆ ಕೇಳಿದೆ: ಮಣ್ಣಿನ ಪಿಎಚ್ 8.5 ಇದೆ, ಸುಣ್ಣ ಹಾಕಬೇಕೆ? ಮೊದಲ ಸಲ ಅರ್ಧ ತರಗತಿ ‘ಹೌದು’ ಎಂದಿತು. ಸುಣ್ಣವೂ ಪ್ರತ್ಯಾಮ್ಲ, ಪಿಎಚ್ ಇಳಿಸಲು ಅದರಿಂದ ಆಗದು ಎಂದು ಚರ್ಚೆಯಲ್ಲಿ ತಾವೇ ತಲುಪಿದರು. ಇಂಥ ಹೊಲಕ್ಕೆ ಜಿಪ್ಸಂ ಹಾಕುವುದನ್ನು ಒಬ್ಬ ಹೇಳಿದ. ಜಿಪ್ಸಂ ಆಮ್ಲವಲ್ಲ, ಅದರ ಕ್ಯಾಲ್ಸಿಯಂ ಮಣ್ಣಿನ ಸೋಡಿಯಂ ಅನ್ನು ಹೊರಹಾಕುತ್ತದೆ, ಆಮೇಲೆ ನೀರು ಅದನ್ನು ತೊಳೆದೊಯ್ಯಬೇಕು. ಅದು ಈ ಅಧ್ಯಾಯದ ಆಚೆಯದು ಎಂದು ಹೇಳಿ ಪ್ರಶ್ನೆಯಾಗಿ ಇಡಲಿಲ್ಲ.

ಕೊನೆಗೆ ನಲವತ್ತು ಪ್ರಶ್ನೆ ಹದಿನಾಲ್ಕಾದವು. ಪ್ರತಿ ಪ್ರಶ್ನೆಗೂ ಒಂದು ಪರೀಕ್ಷೆ ಇಟ್ಟುಕೊಂಡೆ: ಪಕ್ಕದ ಪ್ರಶ್ನೆಯ ಉತ್ತರವನ್ನು ಬಾಯಿಪಾಠ ಮಾಡಿದವನು ಇಲ್ಲಿ ತಪ್ಪುತ್ತಾನೆಯೇ? ತಪ್ಪದಿದ್ದರೆ ಆ ಪ್ರಶ್ನೆ ತೆಗೆದುಹಾಕುತ್ತಿದ್ದೆ. ಮೊಸರಿನ ಪ್ರಶ್ನೆಯನ್ನು ಇಟ್ಟುಕೊಂಡೆ, ಅದರ ಪಕ್ಕದಲ್ಲೇ ನೀರು ಬೆರೆಸಿದ ಆಮ್ಲವನ್ನೂ ಇಟ್ಟೆ. ಎರಡನ್ನೂ ಸರಿ ಬರೆದವರಿಗೆ ಮಾತ್ರ ದಿಕ್ಕು ಗೊತ್ತಿದೆ ಎಂದು ತಿಳಿಯಬಹುದು.

ಬೋಧನಾಭ್ಯಾಸದ ಕೊನೆಯ ವಾರ ಆ ಹುಡುಗಿಗೆ ಮತ್ತೆ ಕೇಳಿದೆ: ಎ ದ್ರಾವಣದ ಪಿಎಚ್ 3, ಬಿ ದ್ರಾವಣದ್ದು 5. ಎರಡರಲ್ಲಿ ಯಾವುದಕ್ಕೆ ಹೆಚ್ಚು ಆಮ್ಲೀಯತೆ? ಈ ಸಲ ತಕ್ಷಣ ಹೇಳಲಿಲ್ಲ. ಸ್ವಲ್ಪ ಹೊತ್ತು ನಿಂತು, ಪುಸ್ತಕದ ಅಂಚಿನಲ್ಲಿ ಕೆಳಮುಖ ಬಾಣ ಎಳೆದು, ಪಕ್ಕದಲ್ಲಿ ಮೇಲ್ಮುಖ ಬಾಣ ಎಳೆದಳು. “ಎ ಐತ್ರಿ. ಸಂಖ್ಯಾ ಇಳದಂಗ ಹುಳಿ ಏರ್ತದ್ರಿ.”

ಆ ಎರಡು ಬಾಣಗಳನ್ನು ನನ್ನ ಪಾಠಯೋಜನೆಯ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮುಂದಿನ ವರ್ಷ ಇದೇ ಅಧ್ಯಾಯ ಮಾಡುವ ಪ್ರಶಿಕ್ಷಣಾರ್ಥಿಗಳು ಪಟ್ಟಿಯನ್ನು ಕೇಳಿದರೆ ಕೊಡುವೆ, ಆದರೆ ನೀರು ಬೆರೆಸುವ ಪ್ರಶ್ನೆಯನ್ನು ಮೊದಲು ತಮ್ಮ ತರಗತಿಯಲ್ಲಿ ಕೇಳಿ ನೋಡಲಿ. ಉತ್ತರ ಹೇಳಿಕೊಡುವ ಮುಂಚೆ ಮಕ್ಕಳು ಕೊಡುವ ಕಾರಣವನ್ನು ಬರೆದುಕೊಳ್ಳಲಿ. ಮುಂದಿನ ಪ್ರಶ್ನೆ ಯಾವುದೆಂದು ಆ ಕಾರಣದಲ್ಲೇ ಸಿಗುತ್ತದೆ.